ಅತ್ತೆಯ 20,000 ಷೇರು: ಒಂದು ಬೈಬ್ಯಾಕ್‌ನ ಲೆಕ್ಕ

ನಾನು ದಾವಣಗೆರೆಯಲ್ಲಿ ಕಂಪನಿ ಸೆಕ್ರೆಟರಿಯಾಗಿ ಪ್ರಾಕ್ಟೀಸ್ ಮಾಡುತ್ತೇನೆ. ನಮ್ಮೂರಲ್ಲಿ ಷೇರು ಬೈಬ್ಯಾಕ್, ಅಂದರೆ ಕಂಪನಿ ತನ್ನ ಷೇರನ್ನ ತಾನೇ ಷೇರುದಾರರಿಂದ ವಾಪಸ್ ಕೊಳ್ಳೋ ಕೇಸು ಬರೋದೇ ಅಪರೂಪ. ಹಾಗಾಗಿ 2023ರಲ್ಲಿ ಮಾಡಿದ ಒಂದು ಇನ್ನೂ ಪೂರ್ತಿ ನೆನಪಿದೆ. ಕಂಪನಿ ಯಾವುದು ಅಂತ ಗೊತ್ತಾಗಬಾರದು ಅಂತ ಕೆಲವು ವಿವರ ಬಿಟ್ಟು, ಅಂಕಿಗಳನ್ನ ದುಂಡಗೆ ಮಾಡಿ ಹೇಳುತ್ತೇನೆ.

ಹರಿಹರ ರಸ್ತೆ ಕಡೆ ಮೆಕ್ಕೆಜೋಳ ತಗೊಂಡು ಕೋಳಿ ಆಹಾರ ಮಾಡುವ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ. ಮೂವರು ಅಣ್ಣತಮ್ಮಂದಿರದ್ದು. ದೊಡ್ಡವರಿಬ್ಬರ ಹೆಸರಲ್ಲಿ ತಲಾ 3,40,000 ಷೇರು, ಚಿಕ್ಕವರ ಹೆಸರಲ್ಲಿ 3,00,000. ಉಳಿದ 20,000 ಷೇರು ಚಿತ್ರದುರ್ಗದಲ್ಲಿರೋ ಅವರ ಸೋದರತ್ತೆಯದ್ದು. ಕಂಪನಿ ಶುರು ಮಾಡುವಾಗ ಅವರೂ ಒಂದಿಷ್ಟು ದುಡ್ಡು ಹಾಕಿದ್ದರಂತೆ. ಒಟ್ಟು ಹತ್ತು ಲಕ್ಷ ಷೇರು, ಮುಖಬೆಲೆ ₹10, ಬಂಡವಾಳ ₹1 ಕೋಟಿ.

ಚಿಕ್ಕವರು ಬೇರೆ ವ್ಯವಹಾರ ಮಾಡಬೇಕು ಅಂತ ಹೊರಗೆ ಹೋಗಲು ತೀರ್ಮಾನಿಸಿದ್ದರು. ಜಗಳ ಏನೂ ಇರಲಿಲ್ಲ. ದೊಡ್ಡಣ್ಣ ಆಫೀಸಿಗೆ ಬಂದು, "ಮೇಡಂ, ನಮ್ಮ ಕೈಯಲ್ಲಿ ಅಷ್ಟು ದುಡ್ಡಿಲ್ಲ, ಕಂಪನಿ ಹತ್ರ ಇದೆ. ಕಂಪನಿಯಿಂದನೇ ಅವನ ಷೇರು ತಗೊಂಡುಬಿಡೋಣ" ಅಂದರು. ಮೌಲ್ಯಮಾಪಕರ ವರದಿ ಪ್ರಕಾರ ಷೇರಿಗೆ ₹60. ಮೂರು ಲಕ್ಷ ಷೇರಿಗೆ ₹1.80 ಕೋಟಿ ಆಗುತ್ತೆ.

ಬೈಬ್ಯಾಕ್‌ಗೆ ಕೊಡೋ ದುಡ್ಡು ಬಂಡವಾಳ ಮತ್ತು ಫ್ರೀ ರಿಸರ್ವ್ ಸೇರಿದ ಮೊತ್ತದ 25% ದಾಟೋ ಹಾಗಿಲ್ಲ. ಅವರ ಅಕೌಂಟೆಂಟ್ ಆಗಲೇ ಆ ಲೆಕ್ಕ ಹಾಕಿ ತಂದಿದ್ದರು. ಬಂಡವಾಳ ₹1 ಕೋಟಿ, ರಿಸರ್ವ್ ₹4.80 ಕೋಟಿ, ಒಟ್ಟು ₹5.80 ಕೋಟಿ. ಅದರ 25% ಅಂದರೆ ₹1.45 ಕೋಟಿ. ನೋಡೋಕೆ ಸರಿಯಾಗೇ ಇತ್ತು. ನಾನು ಬ್ಯಾಲೆನ್ಸ್ ಶೀಟಿನ ಟಿಪ್ಪಣಿ ಪುಟ ತಿರುಗಿಸಿದೆ. ಆ ರಿಸರ್ವ್ ಒಳಗೆ ₹80 ಲಕ್ಷ ಫ್ಯಾಕ್ಟರಿ ಜಾಗದ ಮರುಮೌಲ್ಯಮಾಪನದಿಂದ ಬಂದದ್ದು! ಜಾಗದ ಬೆಲೆ ಏರಿದೆ ಅಂತ ಪುಸ್ತಕದಲ್ಲಿ ಬರೆದುಕೊಂಡದ್ದು ಅಷ್ಟೇ, ಯಾರೂ ದುಡ್ಡು ಕೊಟ್ಟಿಲ್ಲ. ಡಿವಿಡೆಂಡ್ ಆಗಿ ಹಂಚಬಹುದಾದ ರಿಸರ್ವ್ ಮಾತ್ರ ಫ್ರೀ ರಿಸರ್ವ್, ಹಾಗಾಗಿ ಈ ₹80 ಲಕ್ಷ ಲೆಕ್ಕಕ್ಕೆ ಇಲ್ಲ. ಉಳಿದದ್ದು ಜನರಲ್ ರಿಸರ್ವ್ ₹1.20 ಕೋಟಿ, ಲಾಭದ ಬಾಕಿ ₹2.40 ಕೋಟಿ, ಹಿಂದೆ ಮುಖಬೆಲೆಗಿಂತ ಜಾಸ್ತಿಗೆ ಷೇರು ಹಂಚಿ ಬಂದ ಸೆಕ್ಯುರಿಟೀಸ್ ಪ್ರೀಮಿಯಂ ₹40 ಲಕ್ಷ. ಪ್ರೀಮಿಯಂ ಡಿವಿಡೆಂಡ್‌ಗೆ ಬರಲ್ಲ ಅಲ್ವಾ ಅಂತ ಅಕೌಂಟೆಂಟ್ ಕೇಳಿದರು. ಒಳ್ಳೆ ಪ್ರಶ್ನೆ. ಆದರೆ ಬೈಬ್ಯಾಕ್ ಮಟ್ಟಿಗೆ ಅದನ್ನೂ ಫ್ರೀ ರಿಸರ್ವ್‌ನಲ್ಲಿ ಸೇರಿಸಿ ಅಂತ ಕಂಪನಿ ಕಾಯ್ದೆಯ 68ನೇ ಸೆಕ್ಷನ್ನೇ ಹೇಳುತ್ತೆ. ಒಟ್ಟು ₹4 ಕೋಟಿ, ಬಂಡವಾಳ ಸೇರಿ ₹5 ಕೋಟಿ. ಅದರ 25% ಅಂದರೆ ₹1.25 ಕೋಟಿ. ಅಲ್ಲಿಗೆ ₹20 ಲಕ್ಷ ಕಮ್ಮಿ ಆಯಿತು.

ಇದು ದುಡ್ಡಿನ ಮಿತಿ. ಇದರ ಜೊತೆ ಇನ್ನೊಂದಿದೆ, ಅದನ್ನ ತುಂಬ ಜನ ಮರೆಯುತ್ತಾರೆ: ಒಂದು ಆರ್ಥಿಕ ವರ್ಷದಲ್ಲಿ ಈಕ್ವಿಟಿ ಬಂಡವಾಳದ 25%ಗಿಂತ ಜಾಸ್ತಿ ಈಕ್ವಿಟಿ ಷೇರು ವಾಪಸ್ ತಗೊಳ್ಳೋ ಹಾಗಿಲ್ಲ. ಇಲ್ಲಿ ಅದು 2,50,000 ಷೇರು. ನಮ್ಮ ಬೆಲೆ ₹60 ಆದ್ದರಿಂದ ದುಡ್ಡಿನ ಮಿತಿಯೇ ಮೊದಲು ತಾಗಿತು, 2,08,333 ಷೇರಿಗೆ. ಬೆಲೆ ₹40 ಇದ್ದಿದ್ದರೆ ₹1.25 ಕೋಟಿಗೆ ಮೂರು ಲಕ್ಷ ಷೇರು ದಾಟುತ್ತಿತ್ತು, ಆದರೆ ಎರಡೂವರೆ ಲಕ್ಷಕ್ಕೇ ನಿಲ್ಲಿಸಬೇಕಾಗುತ್ತಿತ್ತು. ಎರಡನ್ನೂ ಹಾಕಿ ನೋಡಿ, ಯಾವುದು ಚಿಕ್ಕದೋ ಅದೇ ನಿಮ್ಮ ಮಿತಿ. ನಾವು 2,08,000 ಷೇರು, ₹1,24,80,000 ಅಂತ ನಿಲ್ಲಿಸಿದೆವು. ಒಂದೇ ಸಲಕ್ಕೆ ತಮ್ಮನನ್ನ ಪೂರ್ತಿ ಕಳಿಸೋಕೆ ಆಗಲ್ಲ ಅನ್ನೋದು ಅವತ್ತೇ ಗೊತ್ತಾಯಿತು.

ಮುಂದಿನ ಪ್ರಶ್ನೆ ದುಡ್ಡು ಎಲ್ಲಿಂದ. "ನಾಲ್ಕು ಕೋಟಿ ರಿಸರ್ವ್ ಇದೆಯಲ್ಲಾ" ಅಂದರು ನಡುವಿನವರು. ಆ ರಿಸರ್ವ್ ಗೋದಾಮಿನಲ್ಲಿ ಮೆಕ್ಕೆಜೋಳವಾಗಿ, ಫ್ಯಾಕ್ಟರಿಯಲ್ಲಿ ಯಂತ್ರವಾಗಿ, ಕೋಳಿ ಫಾರಂನವರು ಕೊಡಬೇಕಾದ ಬಾಕಿಯಾಗಿ ಕೂತಿತ್ತು. ಕಾನೂನು ಮೂರು ಮೂಲ ಹೇಳುತ್ತೆ: ಫ್ರೀ ರಿಸರ್ವ್, ಸೆಕ್ಯುರಿಟೀಸ್ ಪ್ರೀಮಿಯಂ, ಅಥವಾ ಬೇರೆ ಬಗೆಯ ಷೇರು ಹಂಚಿ ಬಂದ ದುಡ್ಡು. ಈಕ್ವಿಟಿ ಹಂಚಿ ಬಂದ ದುಡ್ಡಲ್ಲಿ ಈಕ್ವಿಟಿಯನ್ನೇ ವಾಪಸ್ ಕೊಳ್ಳೋ ಹಾಗಿಲ್ಲ. ಮೂಲ ಯಾವುದೇ ಇರಲಿ, ಕೊಡೋಕೆ ಬ್ಯಾಂಕಿನಲ್ಲಿ ನಗದು ಬೇಕಲ್ಲ? ದೊಡ್ಡಣ್ಣನ ಮನಸ್ಸು ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ಸಾಲದ ಮೇಲಿತ್ತು, ಅದರಲ್ಲಿ ಇನ್ನೂ ಒಂದು ಕೋಟಿ ತೆಗೆಯಬಹುದಿತ್ತು. ಆಗಲ್ಲ ಅಂದೆ. ಬ್ಯಾಂಕಿನಿಂದ ಸಾಲ ತಂದ ದುಡ್ಡನ್ನ ನೇರವಾಗಿಯೂ ಸುತ್ತುಬಳಸಿಯೂ ಇದಕ್ಕೆ ಬಳಸಲ್ಲ ಅಂತ ಬರೆದು ಕೊಡಬೇಕು. ಸುತ್ತುಬಳಸಿ ಅನ್ನೋದು ಸುಮ್ನೆ ಹಾಕಿದ ಮಾತಲ್ಲ. ಖಾತೆಯಲ್ಲಿದ್ದ ದುಡ್ಡು ತಮ್ಮನಿಗೆ ಕೊಟ್ಟು, ಮಾರನೇ ದಿನ ಜೋಳದ ವ್ಯಾಪಾರಿಗೆ ಕೊಡೋಕೆ ಅಷ್ಟೇ ಮೊತ್ತ ಕ್ಯಾಶ್ ಕ್ರೆಡಿಟ್‌ನಿಂದ ತೆಗೆದರೆ, ಸ್ಟೇಟ್‌ಮೆಂಟ್ ನೋಡಿದ ಯಾರಿಗಾದರೂ ಅದು ಕಾಣುತ್ತೆ.

ಕಂಪನಿಗೆ ₹1.50 ಕೋಟಿ ಎಫ್‌ಡಿ ಇತ್ತು. ಅದನ್ನೇ ಮುರಿಯೋದು ಅಂತ ಆಯಿತು. ಆದರೆ ಅದರಲ್ಲಿ ಒಂದು ಭಾಗ ಕ್ಯಾಶ್ ಕ್ರೆಡಿಟ್‌ಗೆ ಅಡವಿತ್ತು, ಬ್ಯಾಂಕಿನಿಂದ ಬಿಡುಗಡೆ ಪತ್ರ ಬರೋಕೆ ಆರು ವಾರ ಹಿಡಿಯಿತು. ನಿಮಗೆ ಹೀಗೆ ಏನಾದರೂ ಮಾಡೋ ಯೋಚನೆ ಇದ್ದರೆ ಮೊದಲ ದಿನವೇ ಬ್ಯಾಂಕಿಗೆ ಬರೆಯಿರಿ.

ಈಗ ನಿರ್ಣಯದ ವಿಷಯ. ಮೊದಲು ಕಂಪನಿಯ ಒಳ ನಿಯಮಾವಳಿ, ಅಂದರೆ ಆರ್ಟಿಕಲ್ಸ್ ತೆಗೆದರೆ ಬೈಬ್ಯಾಕ್ ಅನ್ನೋ ಪದವೇ ಇಲ್ಲ. 1994ರ ಕಂಪನಿ. ನಮ್ಮ ದೇಶದಲ್ಲಿ ಬೈಬ್ಯಾಕ್‌ಗೆ ಅವಕಾಶ ಸಿಕ್ಕಿದ್ದೇ 1998ರ ಕೊನೆಗೆ, ಹಳೇ ಆರ್ಟಿಕಲ್ಸ್‌ನಲ್ಲಿ ಅದು ಎಲ್ಲಿಂದ ಬರಬೇಕು? ಆರ್ಟಿಕಲ್ಸ್‌ನಲ್ಲಿ ಅವಕಾಶ ಇಲ್ಲದೆ ಬೈಬ್ಯಾಕ್ ಮಾಡೋ ಹಾಗಿಲ್ಲ. ಆದ್ದರಿಂದ ಜೂನ್‌ನಲ್ಲಿ ಒಂದು ಸಭೆ ಕರೆದು ವಿಶೇಷ ನಿರ್ಣಯದಿಂದ ಅದನ್ನ ಸೇರಿಸಿದೆವು.

ಆಮೇಲೆ ದೊಡ್ಡಣ್ಣ ಮತ್ತೆ, "ಬೋರ್ಡಿನಲ್ಲಿ ನಾವೇ ಮುಗಿಸಿದರೆ ಆಗಲ್ವಾ?" ಅಂತ ಕೇಳಿದರು. ಬಂಡವಾಳ ಮತ್ತು ಫ್ರೀ ರಿಸರ್ವ್‌ನ 10% ಒಳಗಿದ್ದರೆ ಬೋರ್ಡ್ ನಿರ್ಣಯ ಸಾಕು, ಅದೂ ಸಭೆ ಸೇರಿ ಮಾಡಬೇಕು, ಮನೆಮನೆಗೆ ಕಾಗದ ಕಳಿಸಿ ಸಹಿ ತಗೊಂಡರೆ ನಡೆಯಲ್ಲ. ಇವರಿಗೆ ಆ 10% ಅಂದರೆ ₹50 ಲಕ್ಷ, 83,333 ಷೇರು. ನಮಗೆ ಬೇಕಾದದ್ದು ಅದರ ಎರಡೂವರೆ ಪಟ್ಟು. ಹಾಗಾಗಿ ಬೋರ್ಡಿನ ಜೊತೆಗೆ ಷೇರುದಾರರ ವಿಶೇಷ ನಿರ್ಣಯ ಬೇಕೇ ಬೇಕು, ಅಂದರೆ ಬಿದ್ದ ಮತದಲ್ಲಿ ಮುಕ್ಕಾಲು ಪಾಲು. ದೊಡ್ಡವರಿಬ್ಬರದ್ದು ಸೇರಿದರೂ 68% ಅಷ್ಟೇ. ತಮ್ಮ ಮುನಿಸಿಕೊಂಡು ವಿರುದ್ಧ ಮತ ಹಾಕಿದ್ದರೆ ನಿರ್ಣಯ ಬಿದ್ದುಹೋಗುತ್ತಿತ್ತು! ಆಗಸ್ಟ್ 21ಕ್ಕೆ ಸಭೆ ಆಯಿತು, ಎಲ್ಲ ವಿವರ ಬರೆದ ವಿವರಣಾ ಪತ್ರವನ್ನ ನೋಟಿಸ್ ಜೊತೆಗೇ ಕಳಿಸಿದ್ದೆವು. ನಿರ್ಣಯವನ್ನ 30 ದಿನದೊಳಗೆ ಎಂಜಿಟಿ-14 ಫಾರಂನಲ್ಲಿ ಕಂಪನಿ ರಿಜಿಸ್ಟ್ರಾರ್‌ಗೆ ಸಲ್ಲಿಸಿದ್ದಾಯಿತು.

ನನಗೆ ಅವಸರ ಇತ್ತು. ಆಫರ್ ಪತ್ರದ ದಿನಕ್ಕೆ ಆಡಿಟ್ ಆದ ಲೆಕ್ಕ ಆರು ತಿಂಗಳಿಗಿಂತ ಹಳೆಯದಾಗಿರಬಾರದು. ಲೆಕ್ಕ ಮಾರ್ಚ್ 31ರದ್ದು, ಸೆಪ್ಟೆಂಬರ್ ಕಳೆದರೆ ಮತ್ತೆ ಹೊಸ ಲೆಕ್ಕ, ಮತ್ತೆ ಆಡಿಟರ್ ಮನೆ. ಸೆಪ್ಟೆಂಬರ್ 4ಕ್ಕೆ ಎಸ್‌ಎಚ್-8 ಆಫರ್ ಪತ್ರ ಮತ್ತು ಕಂಪನಿ ಮುಂದಿನ ಒಂದು ವರ್ಷ ಸಾಲ ತೀರಿಸುವ ಸ್ಥಿತಿಯಲ್ಲಿದೆ ಅನ್ನೋ ಎಸ್‌ಎಚ್-9 ಪ್ರಮಾಣಪತ್ರ ಎರಡನ್ನೂ ಸಲ್ಲಿಸಿ, 6ಕ್ಕೆ ಪೋಸ್ಟ್ ಮಾಡಿದೆವು. ಆಫರ್ ಕನಿಷ್ಠ 15 ದಿನ, ಗರಿಷ್ಠ 30 ದಿನ ತೆರೆದಿರಬೇಕು. ನಾವು 25ಕ್ಕೆ ಮುಗಿಸಿದೆವು.

ಈ ಪತ್ರ ತಮ್ಮನಿಗೆ ಮಾತ್ರ ಕಳಿಸೋ ಹಾಗಿಲ್ಲ. ಎಲ್ಲ ಷೇರುದಾರರಿಗೂ ಅವರವರ ಪಾಲಿನ ಪ್ರಮಾಣದಲ್ಲಿ ಅವಕಾಶ ಕೊಡಬೇಕು. ದೊಡ್ಡವರಿಬ್ಬರೂ ನಮಗೆ ಬೇಡ ಅಂತ ಬರೆದು ಕೊಟ್ಟರು. ಅತ್ತೆಯನ್ನ ಯಾರೂ ಕೇಳಿರಲಿಲ್ಲ, "ಅವರೇನು ಮಾರ್ತಾರೆ ಬಿಡ್ರಿ ಮೇಡಂ" ಅಂತ ಸುಮ್ಮನಾಗಿದ್ದರು. 20ನೇ ತಾರೀಖು ಚಿತ್ರದುರ್ಗದಿಂದ ಲಕೋಟೆ ಬಂತು. ಒಳಗೆ ಷೇರು ಸರ್ಟಿಫಿಕೇಟು, ಸಹಿ ಮಾಡಿದ ಫಾರಂ, 20,000 ಷೇರೂ ಕೊಡ್ತೀನಿ ಅಂತ. ಹತ್ತು ರೂಪಾಯಿಯ ಷೇರಿಗೆ ಅರವತ್ತು ಕೊಡ್ತೀವಿ ಅಂತ ಕಂಪನಿಯೇ ಕಾಗದ ಕಳಿಸಿದರೆ ಯಾರು ಬಿಡ್ತಾರೆ ಹೇಳಿ.

ದೊಡ್ಡಣ್ಣ ಅರ್ಧ ಗಂಟೆಯಲ್ಲಿ ನನ್ನ ಮುಂದೆ. ಆಫರ್ ವಾಪಸ್ ತಗೊಳ್ಳೋಣ ಅಂದರು. ಒಮ್ಮೆ ಆಫರ್ ಮಾಡಿದ ಮೇಲೆ ವಾಪಸ್ ತಗೊಳ್ಳೋಕೆ ಬರಲ್ಲ. ಅತ್ತೆಯ ಅರ್ಜಿ ಬದಿಗಿಡೋಣ ಅಂದರು. ಅದೂ ಬರಲ್ಲ. ಬಂದ ಷೇರು ಒಟ್ಟು 3,20,000, ತಗೊಳ್ಳೋದು 2,08,000. ಅಂದರೆ ನೂರಕ್ಕೆ 65. ತಮ್ಮನ 3,00,000ದಲ್ಲಿ 1,95,000, ಅತ್ತೆಯ 20,000ದಲ್ಲಿ 13,000. ತಮ್ಮನಿಗೆ ಅಂದುಕೊಂಡದ್ದಕ್ಕಿಂತ ₹7.80 ಲಕ್ಷ ಕಮ್ಮಿ ಬಂತು. ತಪ್ಪು ನನ್ನದೂ ಹೌದು, ಅತ್ತೆಗೆ ಒಂದು ಫೋನ್ ಮಾಡಿ ಅಂತ ಮೇ ತಿಂಗಳಲ್ಲೇ ಒತ್ತಿ ಹೇಳಬೇಕಿತ್ತು.

ಆಫರ್ ಮುಗಿದ ಕೂಡಲೇ ಬೇರೆ ಬ್ಯಾಂಕ್ ಖಾತೆ ತೆರೆದು ಪೂರ್ತಿ ಮೊತ್ತ ಅದಕ್ಕೆ ಹಾಕಿ, ಅಲ್ಲಿಂದಲೇ ಇಬ್ಬರಿಗೂ ಕೊಟ್ಟೆವು. ಏಳು ದಿನದೊಳಗೆ ಸರ್ಟಿಫಿಕೇಟು ರದ್ದು ಮಾಡಿ ಹರಿದು ಹಾಕಿದ್ದು, ಎಸ್‌ಎಚ್-10 ರಿಜಿಸ್ಟರಿನಲ್ಲಿ ಬರೆದದ್ದು, 30 ದಿನದೊಳಗೆ ಬೈಬ್ಯಾಕ್ ಮುಗಿದ ವರದಿ ಎಸ್‌ಎಚ್-11 ಸಲ್ಲಿಸಿದ್ದು, ಇವೆಲ್ಲ ತಕರಾರಿಲ್ಲದೆ ಆಯಿತು. ಆಗ ಬೈಬ್ಯಾಕ್ ತೆರಿಗೆ ಕಂಪನಿಯೇ ಕಟ್ಟಬೇಕಿತ್ತು. ಇಬ್ಬರ ಷೇರೂ ₹10ಕ್ಕೇ ಹಂಚಿದ್ದವು, ಮಿಕ್ಕ ₹50ರ ಮೇಲೆ ಸರ್‌ಚಾರ್ಜ್, ಸೆಸ್ ಸೇರಿ 23.296%, ಅಂದರೆ ₹24 ಲಕ್ಷದ ಮೇಲೆ. ಎಫ್‌ಡಿಯಲ್ಲಿ ಚಿಲ್ಲರೆ ಅಷ್ಟೇ ಉಳಿಯಿತು.

ಪುಸ್ತಕದಲ್ಲಿ ಇನ್ನೊಂದು ಎಂಟ್ರಿ ಇದೆ. ರದ್ದಾದ ಷೇರುಗಳ ಮುಖಬೆಲೆ ₹20.80 ಲಕ್ಷವನ್ನ ಫ್ರೀ ರಿಸರ್ವ್‌ನಿಂದ ಕ್ಯಾಪಿಟಲ್ ರಿಡೆಂಪ್ಷನ್ ರಿಸರ್ವ್‌ಗೆ ಹಾಕಬೇಕು. ಅದು ಆಮೇಲೆ ಬೋನಸ್ ಷೇರಿಗೆ ಬಿಟ್ಟರೆ ಡಿವಿಡೆಂಡ್‌ಗೆ ಬರಲ್ಲ. ಬೈಬ್ಯಾಕ್ ಆದ ಮೇಲೆ ಕಂಪನಿಯ ಸಾಲವು ಬಂಡವಾಳ ಮತ್ತು ಫ್ರೀ ರಿಸರ್ವ್ ಸೇರಿದ ಮೊತ್ತದ ಎರಡು ಪಟ್ಟು ಮೀರಬಾರದು ಅನ್ನೋ ಲೆಕ್ಕ ಹಾಕುವಾಗಲೂ ಈ ₹20.80 ಲಕ್ಷ ಬಿಟ್ಟೇ ಹಾಕಬೇಕು. ತೆರಿಗೆಯನ್ನೂ ಕಳೆದು ನಮಗೆ ₹3.30 ಕೋಟಿ ಉಳಿಯಿತು. ಸಾಲ ಡೈರೆಕ್ಟರುಗಳು ಕೊಟ್ಟ ಕೈಸಾಲವೂ ಸೇರಿ ₹3.20 ಕೋಟಿ. ಅಲ್ಲಿ ತೊಂದರೆ ಇರಲಿಲ್ಲ.

ತಮ್ಮನ ಬಳಿ ಇನ್ನೂ 1,05,000 ಷೇರು ಉಳಿದಿತ್ತು. ಒಂದು ಆಫರ್ ಮುಗಿದ ದಿನದಿಂದ ಒಂದು ವರ್ಷ ಇನ್ನೊಂದು ಆಫರ್ ಮಾಡೋ ಹಾಗಿಲ್ಲ, ಅಂದರೆ 2024ರ ಸೆಪ್ಟೆಂಬರ್ 25ರವರೆಗೆ ಕಾಯಬೇಕು. ಅಷ್ಟರಲ್ಲಿ ಜುಲೈ ಬಜೆಟ್ ಬಂತು, ಅಕ್ಟೋಬರ್ 1ರಿಂದ ಬೈಬ್ಯಾಕ್‌ನಲ್ಲಿ ಬಂದ ಪೂರ್ತಿ ಮೊತ್ತ ಷೇರುದಾರನ ಕೈಯಲ್ಲಿ ಡಿವಿಡೆಂಡ್ ಅಂತ ಆಯಿತು. ತೆರಿಗೆ ನಿಯಮ ಹೀಗೆ ಬದಲಾಗುತ್ತಲೇ ಇರುತ್ತೆ, ನೀವು ಮಾಡೋ ವರ್ಷದ್ದನ್ನೇ ನೋಡಿಕೊಳ್ಳಿ. ಮಧ್ಯೆ ಸಿಕ್ಕ ಐದಾರು ದಿನದಲ್ಲಿ ನೋಟಿಸ್, ಸಭೆ, ಆಫರ್ ಎಲ್ಲ ಮುಗಿಸೋದು ಆಗದ ಮಾತು. ಕೊನೆಗೆ ಅಣ್ಣಂದಿರಿಬ್ಬರೂ ಸ್ವಂತ ದುಡ್ಡು ಹೊಂದಿಸಿ ಅದೇ ₹60ಕ್ಕೆ ಆ ಷೇರು ಕೊಂಡರು. ಷೇರು ವರ್ಗಾವಣೆಯ ಎಸ್‌ಎಚ್-4 ಫಾರಂ ಮೇಲೆ ಎಲ್ಲ ಸೇರಿ ಅಂಟಿಸಿದ್ದು ₹945ರ ಸ್ಟ್ಯಾಂಪು. ಅತ್ತೆ ಈಗಲೂ 7,000 ಷೇರಿನ ಒಡತಿ.