ಸ್ಕ್ವಾಷ್: ಲೆಟ್ ಯಾವಾಗ, ಸ್ಟ್ರೋಕ್ ಯಾವಾಗ?

ಬೆಳಗಾವಿಯ ಕ್ಯಾಂಪ್ ಕಡೆ ನಾವು ಆಡುವ ಕೋರ್ಟಿನಲ್ಲಿ ಮೊನ್ನೆ ಒಂದೇ ಪಾಯಿಂಟಿಗೆ ಹತ್ತು ನಿಮಿಷ ವಾದ ನಡೆಯಿತು. ಆಡುತ್ತಿದ್ದವರು ಐವತ್ತು ದಾಟಿದ ಒಬ್ಬ ಕಾಕಾ ಮತ್ತು ಕಾಲೇಜು ಓದುವ ಹುಡುಗ. ಮೇಲೆ ನಿಂತು ಸ್ಕೋರ್ ಹೇಳುತ್ತಿದ್ದವನು ನಾನು. ಆ ಒಂದು ರ‍್ಯಾಲಿಯನ್ನು ಬಿಡಿಸಿ ನೋಡಿದರೆ ಎದುರಾಳಿ ಅಡ್ಡ ಬಂದಾಗ ಮತ್ತೆ ಆಡಿಸುವ ಲೆಟ್ ಯಾವಾಗ, ನೇರ ಪಾಯಿಂಟ್ ಕೊಡುವ ಸ್ಟ್ರೋಕ್ ಯಾವಾಗ ಅನ್ನುವ ನಿಯಮ ತಲೆಗೆ ಹತ್ತುತ್ತದೆ.

ಮೊದಲು ಸ್ಕೋರ್. ಒಂದು ಗೇಮಿಗೆ 11 ಪಾಯಿಂಟ್. ಸರ್ವ್ ಯಾರದೇ ಇರಲಿ, ರ‍್ಯಾಲಿ ಗೆದ್ದವರಿಗೆ ಪಾಯಿಂಟ್. 10-10 ಆದರೆ ಇಬ್ಬರಲ್ಲಿ ಒಬ್ಬರು ಎರಡು ಪಾಯಿಂಟ್ ಮುಂದೆ ಹೋಗುವವರೆಗೂ ಆಟ ನಿಲ್ಲುವುದಿಲ್ಲ. ಐದರಲ್ಲಿ ಮೂರು ಗೇಮ್ ಗೆದ್ದರೆ ಪಂದ್ಯ. ಸ್ಕೋರ್ ಕೂಗುವಾಗ ಸರ್ವ್ ಮಾಡುವವರ ಅಂಕಿ ಮೊದಲು ಬರುತ್ತದೆ. ಹಳಬರು ಆಡುತ್ತಿದ್ದ 9ರ ಲೆಕ್ಕದಲ್ಲಿ ಸರ್ವ್ ಮಾಡುವವರಿಗೆ ಮಾತ್ರ ಪಾಯಿಂಟ್ ಸಿಗುತ್ತಿತ್ತು. ಈಗ ಹಾಗಿಲ್ಲ. ಹಾಗಾಗಿ ಒಂದು ತಪ್ಪು ನಿರ್ಧಾರಕ್ಕೂ ನೇರವಾಗಿ ಒಂದು ಪಾಯಿಂಟಿನ ಬೆಲೆ ಇದೆ.

ಇನ್ನು ಜಾಗದ ವಿಷಯ. ಕೋರ್ಟು 9.75 ಮೀಟರ್ ಉದ್ದ, 6.4 ಮೀಟರ್ ಅಗಲ. ನೆಲದ ಮೇಲಿನ ಎರಡು ಗೆರೆ ಕೂಡುವ ಜಾಗಕ್ಕೆ ಟೀ ಅಂತಾರೆ. ಅಲ್ಲಿ ನಿಂತರೆ ಯಾವ ಮೂಲೆಯೂ ಆರೂವರೆ ಮೀಟರಿಗಿಂತ ದೂರ ಇಲ್ಲ. ಮುಂದಿನ ಮೂಲೆಯಲ್ಲಿ ಸಿಕ್ಕಿಬಿದ್ದವರಿಗೆ ಎದುರು ಬದಿಯ ಹಿಂದಿನ ಮೂಲೆ 11 ಮೀಟರಿಗೂ ಜಾಸ್ತಿ. ಕಾಕಾನಿಗೆ ಓಟ ಕಡಿಮೆ, ಆದರೆ ಟೀ ಬಿಡುವುದಿಲ್ಲ. ಹುಡುಗ ಇಡೀ ಕೋರ್ಟು ಓಡುತ್ತಾನೆ.

ಸ್ಕೋರ್ 9-8, ಕಾಕಾನ ಸರ್ವ್. ಕಾಕಾ ಬಲಗಡೆ ಮುಂದಿನ ಮೂಲೆಗೆ ಮೆಲ್ಲಗೆ ಒಂದು ಡ್ರಾಪ್ ಹಾಕಿದರು. ಹುಡುಗ ಹಿಂದಿನಿಂದ ಓಡಿ ಬಂದು ಚೆಂಡು ಎತ್ತಿದ. ಗೋಡೆಗೆ ಅಂಟಿಕೊಂಡು ಹಿಂದಕ್ಕೆ ಹೋಗಬೇಕಿದ್ದ ಚೆಂಡು ಒಂದೂವರೆ ಮೀಟರ್ ಒಳಗೆ ಬಂದು ನಡುಕೋರ್ಟಿನಲ್ಲಿ ಪುಟಿಯಿತು. ಟೀಯಲ್ಲಿದ್ದ ಕಾಕಾ ಒಂದೇ ಹೆಜ್ಜೆ ಇಟ್ಟು ರ‍್ಯಾಕೆಟ್ ಎತ್ತಿದರು. ಅಷ್ಟರಲ್ಲಿ ಹುಡುಗ ಚೆಂಡಿಗೂ ಮುಂದಿನ ಗೋಡೆಗೂ ನಡುವೆ ಇದ್ದ. ಕಾಕಾ ಹೊಡೆಯದೆ ಕೈ ತಡೆದು, "ಲೆಟ್ ಪ್ಲೀಸ್" ಅಂದರು. ನಾನು "ಸ್ಟ್ರೋಕ್, 10-8" ಅಂದೆ.

"ಸ್ಟ್ರೋಕ್ ಹೆಂಗಾಕ್ಕೈತ್ರಿ ಅಣ್ಣಾ? ದಾರಿ ಬಿಡಾಕ ಹೊಂಟಿದ್ನಲ್ರಿ" ಅಂದ ಹುಡುಗ.

ಅವನು ಹೇಳಿದ್ದು ನಿಜ, ಆದರೆ ಅಷ್ಟು ಸಾಲದು. ಹೊಡೆದಾದ ಮೇಲೆ ಎದುರಾಳಿಗೆ ನಾಲ್ಕು ಸಿಗಬೇಕು: ಚೆಂಡು ಕಾಣಬೇಕು, ಅದರ ಹತ್ತಿರ ಹೋಗಲು ನೇರ ದಾರಿ ಇರಬೇಕು, ರ‍್ಯಾಕೆಟ್ ಬೀಸಲು ಜಾಗ ಇರಬೇಕು, ಮುಂದಿನ ಗೋಡೆಯ ಯಾವ ಭಾಗಕ್ಕಾದರೂ ನೇರ ಹೊಡೆಯಲು ಆಗಬೇಕು. ಇಲ್ಲಿ ತಪ್ಪಿದ್ದು ನಾಲ್ಕನೆಯದು. ಕಾಕಾ ಹೊಡೆದಿದ್ದರೆ, ಗೋಡೆಗೆ ನೇರ ಹೊರಟ ಚೆಂಡು ಹುಡುಗನ ಮೈಗೆ ಬಡಿಯುತ್ತಿತ್ತು. ಇಂಥ ಕಡೆ ಸರಿಯಲು ಎಷ್ಟು ಪ್ರಯತ್ನ ಪಟ್ಟರೂ ಸಾಮಾನ್ಯವಾಗಿ ಸ್ಟ್ರೋಕೇ, ಅಂದರೆ ಕೇಳಿದವರಿಗೆ ಪಾಯಿಂಟ್.

ಅದೇ ಚೆಂಡು ಗೋಡೆ ಹಿಡಿದು ಹಿಂದಿನ ಮೂಲೆಗೆ ಹೋಗಿ, ಅದನ್ನು ಮುಟ್ಟಬಲ್ಲ ಕಾಕಾನ ದಾರಿಗೆ ಟೀ ಕಡೆ ಬರುತ್ತಿದ್ದ ಹುಡುಗ ಸಿಕ್ಕಿದ್ದ ಅಂದುಕೊಳ್ಳಿ. ಸರಿಯಲು ಅವನು ಪೂರ್ತಿ ಪ್ರಯತ್ನಿಸಿದ್ದು ಕಂಡರೆ, ಕಾಕಾ ಆ ಚೆಂಡಿನಲ್ಲಿ ಗೆಲ್ಲುವ ಹೊಡೆತ ಹೊಡೆಯುವಂತಿರದಿದ್ದರೆ, ಅದು ಲೆಟ್. ಸ್ಕೋರ್ ಬದಲಾಗುವುದಿಲ್ಲ, ಅದೇ ಬಾಕ್ಸಿನಿಂದ ಮತ್ತೆ ಸರ್ವ್. ಕಾಕಾನಿಗೆ ಆ ಚೆಂಡು ಹೇಗೂ ಸಿಗುತ್ತಿರಲಿಲ್ಲ ಅಥವಾ ಅಡ್ಡಿ ತೀರಾ ಸಣ್ಣದು ಅನ್ನಿಸಿದರೆ ನೋ ಲೆಟ್, ರ‍್ಯಾಲಿ ಹುಡುಗನದು. ಕೇಳುವುದನ್ನೂ ಆ ಕ್ಷಣದಲ್ಲೇ ಕೇಳಬೇಕು. ಹೊಡೆದು ನೋಡಿ, ಮುಂದಿನ ಗೋಡೆಯ ಕೆಳಗಿನ ಟಿನ್‌ಗೆ ಬಡಿದ ಮೇಲೆ ಕೇಳಿದರೆ ನಡೆಯುವುದಿಲ್ಲ.

ನನ್ನ ಪ್ರಕಾರ ಹುಡುಗ ಆ ಪಾಯಿಂಟ್ ಕಳೆದುಕೊಂಡಿದ್ದು ನಿಂತ ಜಾಗದಲ್ಲಲ್ಲ, ಹೊಡೆದ ಹೊಡೆತದಲ್ಲಿ. ಹೊಡೆದ ಮೇಲೆ ಟೀಗೆ ವಾಪಸ್ ಬರಲು ಚೆಂಡಿನ ಮುಂದೆಯೇ ಹಾದು ಬರಬೇಕಾಯಿತು ಅಂದರೆ ಹೊಡೆತ ತಪ್ಪಿದೆ ಅಂತಲೇ ಅರ್ಥ. ಮುಂದಿನ ಮೂಲೆಯಲ್ಲಿ ಸಿಕ್ಕಿಕೊಂಡಾಗ ರಭಸವಾಗಿ ಹೊಡೆದರೆ ಚೆಂಡು ನಿಮಗಿಂತ ಮೊದಲು ನಡುಕೋರ್ಟಿಗೆ ಬಂದಿರುತ್ತದೆ. ಅಲ್ಲಿ ಬೇಕಾಗಿರುವುದು ಸಮಯ. ರ‍್ಯಾಕೆಟ್ಟಿನ ಮುಖ ತೆರೆದು, ಚೆಂಡಿನ ಕೆಳಗಿನಿಂದ ಎತ್ತಿ, ಮುಂದಿನ ಗೋಡೆಯ ಮೇಲ್ಭಾಗಕ್ಕೆ ಮೆತ್ತಗೆ ತಾಗಿಸಿ, ಎದುರು ಬದಿಯ ಹಿಂದಿನ ಮೂಲೆಗೆ ಲಾಬ್ ಕಳಿಸಿ. ಚೆಂಡು ಗಾಳಿಯಲ್ಲಿ ತೇಲುವಷ್ಟು ಹೊತ್ತು ನಿಮ್ಮದು.

ಮುಂದಿನ ರ‍್ಯಾಲಿಯಲ್ಲಿ ಕಾಕಾ ಮತ್ತೆ ಅದೇ ಡ್ರಾಪ್ ಹಾಕಿದರು. ಹುಡುಗ ಈ ಸಲ ಎತ್ತರಕ್ಕೆ ಲಾಬ್ ಎತ್ತಿದ. ಕಾಕಾ ಟೀ ಬಿಟ್ಟು ಎಡಗಡೆ ಹಿಂದಿನ ಮೂಲೆಗೆ ಹೋಗಲೇಬೇಕಾಯಿತು. ಅವರು ತಿರುಗಿಸಿ ಕಳಿಸಿದ ಚೆಂಡು ನಡುವಿಗೆ ಬಂದಾಗ ಟೀಯಲ್ಲಿ ಹುಡುಗ ಕಾಯುತ್ತಿದ್ದ. ಮುಂದಿನ ಮೂಲೆಗೆ ಒಂದು ಸಣ್ಣ ಡ್ರಾಪ್, ಅಷ್ಟೇ. ಸರ್ವ್ ಅವನ ಕೈಗೆ ಹೋಯಿತು, ನಾನು ಮೇಲಿನಿಂದ ಕೂಗಿದೆ: "ಹ್ಯಾಂಡ್ ಔಟ್, 9-10."