ದೀಪ ಹತ್ತಿರ ತಂದರೂ ಸ್ಟಾಪಿಂಗ್ ವೋಲ್ಟೇಜ್ ಏಕೆ ಕದಲುವುದಿಲ್ಲ?

ಡಿಗ್ರಿ ಕಾಲೇಜಿನ ಲ್ಯಾಬಿನಲ್ಲಿ ದ್ಯುತಿವಿದ್ಯುತ್ ಪರಿಣಾಮದ ಪ್ರಯೋಗ ಮಾಡಿಸುವಾಗ ನಾನು ಕಾಯುವುದು ಒಂದೇ ಪ್ರಶ್ನೆಗೆ. ಪ್ರತಿ ವರ್ಷವೂ ಯಾರಾದರೊಬ್ಬರು ರೀಡಿಂಗ್ ಬುಕ್ ಹಿಡಿದು ಬರುತ್ತಾರೆ: "ಸರ್, ಬೆಳಕು ಜಾಸ್ತಿ ಮಾಡಿದರೆ ಎಲೆಕ್ಟ್ರಾನ್ ಶಕ್ತಿ ಹೆಚ್ಚಲ್ಲ ಅಂತ ನೀವೇ ಹೇಳಿದ್ದು. ನಮ್ಮ ರೀಡಿಂಗ್‌ನಲ್ಲಿ ಹೆಚ್ಚಾಗಿದೆಯಲ್ಲ?"

ನಮ್ಮ ಸಲಕರಣೆ ಸರಳವೇ. ಪಾದರಸದ ದೀಪ, ಅದರ ಎದುರು ಬಣ್ಣದ ಫಿಲ್ಟರ್, ಕಪ್ಪು ಡಬ್ಬಿಯೊಳಗೆ ನಿರ್ವಾತದ ಫೋಟೋಟ್ಯೂಬ್. ಬೆಳಕು ಬಿದ್ದ ಕ್ಯಾಥೋಡ್‌ನಿಂದ ಎಲೆಕ್ಟ್ರಾನ್‌ಗಳು ಹಾರಿ ಆನೋಡ್ ಸೇರುತ್ತವೆ, ಮೀಟರ್ ಕರೆಂಟ್ ತೋರಿಸುತ್ತದೆ. ಆನೋಡ್‌ಗೆ ಸ್ವಲ್ಪಸ್ವಲ್ಪವೇ ಋಣ ವೋಲ್ಟೇಜ್ ಕೊಡುತ್ತ ಹೋದರೆ ನಿಧಾನದ ಎಲೆಕ್ಟ್ರಾನ್‌ಗಳು ಮೊದಲು ಹಿಂದಿರುಗುತ್ತವೆ. ಅತಿ ವೇಗದವೂ ತಲುಪಲಾರದೆ ಕರೆಂಟ್ ಸೊನ್ನೆಯಾಗುವ ವೋಲ್ಟೇಜೇ ಸ್ಟಾಪಿಂಗ್ ವೋಲ್ಟೇಜ್. ಹಾಗಾಗಿ ಅದು ಎಲೆಕ್ಟ್ರಾನಿನ ಗರಿಷ್ಠ ಶಕ್ತಿಯ ನೇರ ಅಳತೆ.

ಆ ಹುಡುಗರು 436 ನ್ಯಾನೋಮೀಟರ್ ನೀಲಿ ಫಿಲ್ಟರ್ ಹಾಕಿ, ದೀಪವನ್ನು 20 ಸೆಂಟಿಮೀಟರ್ ದೂರದಲ್ಲಿಟ್ಟಾಗ 0.48 ಮೈಕ್ರೊಆಂಪಿಯರ್ ಬಂದಿತ್ತು. 40ಕ್ಕೆ ಸರಿಸಿದಾಗ 0.12. ದೂರ ಇಮ್ಮಡಿಯಾದರೆ ಬೆಳಕು ಕಾಲು ಭಾಗ, ಕರೆಂಟೂ ಕಾಲು ಭಾಗ, ಇಲ್ಲಿವರೆಗೆ ಸರಿ. ಆದರೆ ಕರೆಂಟ್ ಸೊನ್ನೆಯಾದದ್ದು ಹತ್ತಿರದ ದೀಪಕ್ಕೆ 1.01 ವೋಲ್ಟ್‌ನಲ್ಲಿ, ದೂರದ್ದಕ್ಕೆ 0.93ರಲ್ಲಿ.

ಇದು ಮೀಟರಿನ ಆಟ. ಕರೆಂಟಿನ ರೇಖೆ ಸೊನ್ನೆಗೆ ಧಡಕ್ಕನೆ ಬೀಳುವುದಿಲ್ಲ, ಉದ್ದನೆಯ ಬಾಲ ಎಳೆದುಕೊಂಡು ಮೆಲ್ಲಗೆ ಇಳಿಯುತ್ತದೆ. ಅವರು ಇಟ್ಟಿದ್ದ ರೇಂಜಿನಲ್ಲಿ ಮೀಟರ್ 0.01 ಮೈಕ್ರೊಆಂಪಿಯರ್‌ಗಿಂತ ಚಿಕ್ಕದನ್ನು ಬಿಡಿಸಿ ಹೇಳಲಾರದು. 0.93 ವೋಲ್ಟ್‌ನಲ್ಲಿ ಹತ್ತಿರದ ದೀಪದಿಂದ ಇನ್ನೂ 0.016 ಹರಿಯುತ್ತಿದ್ದರೆ, ದೂರದ ದೀಪದಿಂದ ಅದರ ಕಾಲು ಭಾಗ, ಅಂದರೆ 0.004. ಅದು ಮೀಟರಿನ ಕಣ್ಣಿಗೆ ಸೊನ್ನೆ. ಎಲೆಕ್ಟ್ರಾನ್‌ಗಳು ಬರುತ್ತಲೇ ಇವೆ, ಎಣಿಸುವವನಿಗೆ ಕಾಣುತ್ತಿಲ್ಲ ಅಷ್ಟೆ. ನ್ಯಾನೊಆಂಪಿಯರ್ ರೇಂಜಿಗೆ ಬದಲಿಸಿದ ಮೇಲೆ ಎರಡೂ ಕಡೆ 1.06 ಬಂತು.

ಸೂಕ್ಷ್ಮ ರೇಂಜ್ ಇಲ್ಲದ ಲ್ಯಾಬಿನಲ್ಲಿ ಇನ್ನೊಂದು ದಾರಿಯಿದೆ. ಪ್ರತಿ ರೀಡಿಂಗನ್ನೂ ಅದೇ ದೂರದಲ್ಲಿ ಸೊನ್ನೆ ವೋಲ್ಟ್‌ಗೆ ಬಂದ ಕರೆಂಟಿನಿಂದ ಭಾಗಿಸಿ ಗ್ರಾಫ್ ಬರೆಸುತ್ತೇನೆ. ಎರಡು ರೇಖೆಗಳೂ ಒಂದರ ಮೇಲೊಂದು ಕೂರುತ್ತವೆ. ಶಕ್ತಿಯ ಹಂಚಿಕೆ ಬದಲಾಗಿಲ್ಲ, ತಲೆ ಎಣಿಕೆ ಮಾತ್ರ ಬದಲಾಗಿದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರ ನನಗೆ ಗೊತ್ತಿಲ್ಲ.

ಕಾರಣ ಇಷ್ಟು: ಒಂದು ಫೋಟಾನ್ ತನ್ನ ಶಕ್ತಿಯನ್ನೆಲ್ಲ ಒಂದೇ ಎಲೆಕ್ಟ್ರಾನಿಗೆ ಕೊಡುತ್ತದೆ. 436ರ ನೀಲಿಯಲ್ಲಿ ಆ ಶಕ್ತಿ 2.84 ಎಲೆಕ್ಟ್ರಾನ್ ವೋಲ್ಟ್. ದೀಪ ಹತ್ತಿರ ತಂದರೆ ಸೆಕೆಂಡಿಗೆ ಬೀಳುವ ಫೋಟಾನ್‌ಗಳು ಹೆಚ್ಚುತ್ತವೆ, ಆದರೆ ಪ್ರತಿಯೊಂದರಲ್ಲೂ ಅದೇ 2.84. ಇಬ್ಬರು ಸೇರಿ ಒಂದೇ ಎಲೆಕ್ಟ್ರಾನನ್ನು ತಳ್ಳುವ ಸಂದರ್ಭ ತೀರಾ ಪ್ರಬಲ ಲೇಸರ್‌ನಲ್ಲಷ್ಟೇ ಬರುತ್ತದೆ, ನಮ್ಮ ಪಾದರಸದ ದೀಪದಲ್ಲಲ್ಲ. ಶಕ್ತಿ ಬೆಳಕಿನ ತೀವ್ರತೆಯನ್ನು ಅವಲಂಬಿಸಿಲ್ಲ ಎಂದು ಫಿಲಿಪ್ ಲೆನಾರ್ಡ್ 1902ರಲ್ಲೇ ಅಳೆದು ತೋರಿಸಿದ್ದ. ಏಕೆ ಎಂಬುದಕ್ಕೆ ಐನ್‌ಸ್ಟೈನ್ 1905ರಲ್ಲಿ ಉತ್ತರ ಕೊಟ್ಟರು.

ಬಣ್ಣ ಬದಲಿಸಿದರೆ ಮಾತ್ರ ಕಥೆ ಬೇರೆ. 546 ನ್ಯಾನೋಮೀಟರ್ ಹಸಿರಿಗೆ 0.50 ವೋಲ್ಟ್ ಬಂತು. ಇಲ್ಲೊಂದು ಎಚ್ಚರಿಕೆ: ಡಬ್ಬಿಯ ಸಂದಿಯಿಂದ ಕೋಣೆಯ ಎಲ್‌ಇಡಿ ಬೆಳಕು ನುಸುಳಿದರೆ ಹಸಿರಿನ ರೀಡಿಂಗ್ ಏರಿಬಿಡುತ್ತದೆ, ಏಕೆಂದರೆ ಆ ಬಿಳಿ ಬೆಳಕಿನಲ್ಲಿ ಸಾಕಷ್ಟು ನೀಲಿ ಇರುತ್ತದೆ. ಪಾದರಸದ ದೀಪಕ್ಕೆ ರಟ್ಟು ಅಡ್ಡ ಹಿಡಿದಾಗಲೂ ಕರೆಂಟ್ ಉಳಿದರೆ ಲೈಟ್ ಆರಿಸಬೇಕು.

ಎರಡೂ ಬಣ್ಣಗಳ ಆವೃತ್ತಿಯ ವ್ಯತ್ಯಾಸ 1.39 × 10¹⁴ ಹರ್ಟ್ಸ್, ವೋಲ್ಟೇಜಿನ ವ್ಯತ್ಯಾಸ 0.56. ಇವುಗಳಿಂದ ಪ್ಲ್ಯಾಂಕ್ ಸ್ಥಿರಾಂಕ h ಸಿಗುತ್ತದೆ; e ಎಂದರೆ ಎಲೆಕ್ಟ್ರಾನಿನ ವಿದ್ಯುದಾವೇಶ, ν ಎಂದರೆ ಆವೃತ್ತಿ. ಲೆಕ್ಕ ಹೀಗೆ:

h = e·ΔV/Δν = 6.45 × 10⁻³⁴ J·s

ನಿಜವಾದ ಬೆಲೆ 6.63. ಲ್ಯಾಬಿನ ಮಟ್ಟಿಗೆ ನನಗೆ ಇಷ್ಟು ಸಾಕು. ಅದೇ ಸರಳರೇಖೆಯನ್ನು ಕೆಳಗೆ ಎಳೆದರೆ 4.25 × 10¹⁴ ಹರ್ಟ್ಸ್‌ನಲ್ಲಿ ವೋಲ್ಟೇಜ್ ಸೊನ್ನೆಯಾಗುತ್ತದೆ; ತರಂಗಾಂತರದಲ್ಲಿ ಸುಮಾರು 706 ನ್ಯಾನೋಮೀಟರ್, ಕಡುಗೆಂಪು. ಇದು ಹೊಸ್ತಿಲ ಆವೃತ್ತಿ; ಇದಕ್ಕಿಂತ ಕಡಿಮೆ ಆವೃತ್ತಿಯ ಬೆಳಕು ಎಲೆಕ್ಟ್ರಾನನ್ನು ಹೊರಗೆ ತಳ್ಳಲಾರದು. ಆನೋಡಿನ ಲೋಹವೂ ಈ ಅಂಕಿಯನ್ನು ಅತ್ತಿತ್ತ ಎಳೆಯುವುದರಿಂದ ನಾನು ರೇಖೆಯ ಇಳಿಜಾರನ್ನು ನಂಬಿದಷ್ಟು ಇದನ್ನು ನಂಬುವುದಿಲ್ಲ.

ಹೊಸ್ತಿಲು ಇದೆಯೇ ಎಂದು ನೋಡಲು ಟಿವಿ ರಿಮೋಟ್ ಸಾಕು. ಅದರ ಇನ್‌ಫ್ರಾರೆಡ್ ಎಲ್‌ಇಡಿ ಸಾಮಾನ್ಯವಾಗಿ 940 ನ್ಯಾನೋಮೀಟರಿನದು. ಕೋಣೆ ಕತ್ತಲು ಮಾಡಿ, ರಿಮೋಟನ್ನು ಟ್ಯೂಬಿನ ಕಿಂಡಿಗೇ ಅಂಟಿಸಿ ಒತ್ತಿ ಹಿಡಿದೆವು. ಮೊಬೈಲ್ ಕ್ಯಾಮೆರಾದಲ್ಲಿ ಎಲ್‌ಇಡಿ ಮಿನುಗುವುದು ಕಾಣುತ್ತಿತ್ತು, ಮೀಟರ್ ಮಿಸುಕಲಿಲ್ಲ. ಆಮೇಲೆ 650 ನ್ಯಾನೋಮೀಟರಿನ ಕೆಂಪು ಲೇಸರ್ ಪಾಯಿಂಟರನ್ನು ಎರಡು ಪದರ ಟಿಶ್ಯೂ ಪೇಪರಿನ ಹಿಂದಿನಿಂದ ಮಂಕಾಗಿ ಬಿಟ್ಟೆವು. ಮುಳ್ಳು ಎದ್ದಿತು.