ಹೋಲುವ ಹೆಸರಿನ ಔಷಧಿಗಳು: ಕಲಿಸುವವರಿಗೊಂದು ಸಲಹೆ

ನರ್ಸಿಂಗ್ ವಿದ್ಯಾರ್ಥಿಗಳಿಗೆ ಔಷಧಿ ನೀಡಿಕೆಯ ‘ಸರಿ’ಗಳನ್ನು ಕಲಿಸುವಾಗ, ಹೆಸರೊಂದನ್ನು ಬಿಟ್ಟು ಉಳಿದೆಲ್ಲವೂ ಹೊಂದಿಕೊಳ್ಳುವ ತಪ್ಪು ಔಷಧಿಯನ್ನೇ ಅಭ್ಯಾಸದ ಟ್ರೇಯಲ್ಲಿ ಇಡಿ, ಚಾರ್ಟನ್ನು ಮುಚ್ಚಿಸಿ, ಕೈಯಲ್ಲಿರುವ ಸ್ಟ್ರಿಪ್ಪಿನ ಹೆಸರನ್ನು ಓದಿಸಿ, ಆ ಔಷಧಿ ಯಾವುದಕ್ಕೆಂದು ಬಾಯಿಬಿಟ್ಟು ಹೇಳಿಸಿ. ಉದಾಹರಣೆಗೆ, ರಕ್ತದೊತ್ತಡ 170/100 ಇರುವ ರೋಗಿಗೆ ಹೈಡ್ರಾಲಜೀನ್ 25 ಮಿ.ಗ್ರಾಂ. ಮಾತ್ರೆ ಬರೆದಿದ್ದು, ಟ್ರೇಯಲ್ಲಿ ಹೈಡ್ರಾಕ್ಸಿಜೀನ್ 25 ಮಿ.ಗ್ರಾಂ. ಇದೆ ಎನ್ನೋಣ. ಸರಿಯಾದ ರೋಗಿ, ಪ್ರಮಾಣ, ಮಾರ್ಗ, ಸಮಯ ಎಲ್ಲಕ್ಕೂ ಟಿಕ್ ಬೀಳುತ್ತದೆ. ಹೆಸರಿನ ಮೊದಲೂ ಕೊನೆಯೂ ಒಂದೇ ಆಗಿರುವುದರಿಂದ ಕಣ್ಣು ತಾನು ನಿರೀಕ್ಷಿಸಿದ್ದನ್ನೇ ಓದಿ ಮುಂದೆ ಸಾಗುತ್ತದೆ. ಆದರೆ ‘ಇದು ತುರಿಕೆಗೆ, ಆತಂಕಕ್ಕೆ ಕೊಡುವ ಔಷಧಿ’ ಎಂದು ಹೇಳಿದ ಮೇಲೆ ಚಾರ್ಟ್ ತೆರೆದರೆ, ಅಲ್ಲಿ ರಕ್ತದೊತ್ತಡವಷ್ಟೇ ಕಾಣುವುದರಿಂದ ಕೈ ತಾನಾಗಿ ನಿಲ್ಲುತ್ತದೆ. ಚಾರ್ಟನ್ನು ಮೊದಲೇ ನೋಡಲು ಬಿಟ್ಟರೆ ಪ್ರಯೋಜನವಿಲ್ಲ, ಏಕೆಂದರೆ ವಿದ್ಯಾರ್ಥಿ ಅಲ್ಲಿನ ಕಾರಣವನ್ನೇ ಒಪ್ಪಿಸಿಬಿಡುತ್ತಾನೆ. ಜಾಣ ವಿದ್ಯಾರ್ಥಿಗಳೇ ಇಲ್ಲಿ ಹೆಚ್ಚು ಎಡವುತ್ತಾರೆ ಎಂಬುದು ನನ್ನ ಅನಿಸಿಕೆ. ಎರಡು ಔಷಧಿಗಳ ಉಪಯೋಗವೂ ಒಂದೇ ಆಗಿದ್ದಾಗ ಈ ಉಪಾಯ ಕೈಕೊಡುತ್ತದೆ: ಗ್ಲಿಪಿಜೈಡ್ ಮತ್ತು ಗ್ಲಿಬೆನ್‌ಕ್ಲಮೈಡ್ ಎರಡೂ ಮಧುಮೇಹಕ್ಕೇ ಇರುವುದರಿಂದ ಕಾರಣ ಕೇಳಿದರೆ ತಪ್ಪು ಬಯಲಾಗದು. ರಕ್ತದೊತ್ತಡವಿರುವ ರೋಗಿಗೆ ತುರಿಕೆಯೂ ಇದ್ದಾಗ ಹಾಗೆಯೇ. ಅಂಥ ಸನ್ನಿವೇಶಗಳಲ್ಲಿ ಹೆಸರಿನ ನಡುವಿನ ಅಕ್ಷರಗಳನ್ನು ಬೆರಳಿಟ್ಟು ಒಂದೊಂದಾಗಿ ಓದಿಸಿ, ಚಾರ್ಟಿನೊಂದಿಗೆ ತಾಳೆ ನೋಡಿಸುವುದೇ ಸರಿ.